ಮಾಸು ಕೆಳಗಿದೆ ಅಂದರು

"ಸಿಸ್ಟರೇ, ಐದನೇ ತಿಂಗಳ ಸ್ಕ್ಯಾನಿಂಗ್ ಆದಾಗಿನಿಂದ ನಮ್ಮ ಹುಡುಗ ಹಾಲ್‌ನಲ್ಲಿ ಮಲಗ್ತಿದ್ದಾನೆ. ಜಗಳ ಗಿಗಳ ಏನೂ ಇಲ್ಲ. ಬೆಳಿಗ್ಗೆ ಅವನೇ ಕಾಫಿ ಮಾಡಿ ಅವಳಿಗೆ ಕೊಡ್ತಾನೆ. ಆದರೆ ರಾತ್ರಿ ಆದರೆ ಚಾಪೆ ತಗೊಂಡು ಹೊರಗೆ ಬರ್ತಾನೆ. ಡಾಕ್ಟ್ರು ಏನೋ ಹೇಳಿದ್ದಾರಂತೆ. ಏನು ಅಂತ ಇಬ್ಬರೂ ಬಾಯಿ ಬಿಡ್ತಿಲ್ಲ."

ಪಕ್ಕದ ಮನೆಯ ಅಕ್ಕ ದಾಸವಾಳದ ಬೇಲಿಯ ಮೇಲೆ ಕೈಯಿಟ್ಟುಕೊಂಡು ಇಷ್ಟನ್ನೂ ಪಿಸುದನಿಯಲ್ಲಿ ಹೇಳಿದರು. ನಾನು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಬೀದಿಯವರಿಗೆಲ್ಲ ಈಗಲೂ ಸಿಸ್ಟರೇ. ಡಾಕ್ಟರು ಏನು ಹೇಳಿರಬಹುದು ಅನ್ನುವುದು ನನಗೆ ಆಗಲೇ ಹೊಳೆದಿತ್ತು. ಆದರೂ ಹೇಳಿದೆ: "ಅಕ್ಕ, ಅದು ಗಂಡ ಹೆಂಡ್ತಿ ನಡುವಿನ ವಿಷಯ. ನಿಮ್ಮ ಸೊಸೆಗೆ ಕೇಳಬೇಕು ಅನ್ನಿಸಿದರೆ ಫೈಲ್ ತಗೊಂಡು ಬರಲಿ. ಅವಳಿಗೆ ಬೇಕಾದರೆ ನೀವೂ ಕೂತ್ಕೊಳ್ಳಿ."

ಮರುದಿನ ಸಂಜೆ ಹುಡುಗಿ ಬಂದಳು, ಒಬ್ಬಳೇ. ಕೈಯಲ್ಲಿ ತಾಯಿ ಕಾರ್ಡು, ಸ್ಕ್ಯಾನಿಂಗ್ ಸೆಂಟರಿನ ಕವರು. ಅತ್ತೆ ಆಚೆ ಬದಿಯಲ್ಲಿ ಬಟ್ಟೆ ತೆಗೆಯುತ್ತಿದ್ದರು. ಅವಳೇ "ಅತ್ತೆ, ನೀವೂ ಬನ್ನಿ, ನನಗೇನೂ ಸಂಕೋಚ ಇಲ್ಲ" ಅಂದಳು. ನನಗೆ ಅದು ತುಂಬಾ ಹಿಡಿಸಿತು.

ವರದಿ ತೆಗೆದು ನೋಡಿದೆ. ಇಪ್ಪತ್ತು ವಾರದ ಸ್ಕ್ಯಾನ್. ಮಗುವಿನ ತಲೆ, ಹೃದಯ, ಬೆನ್ನುಮೂಳೆ, ಕಿಡ್ನಿ ಎಲ್ಲ ಸರಿಯಾಗಿತ್ತು. ಕೆಳಗೆ ಒಂದು ಸಾಲು: ಪ್ಲಾಸೆಂಟಾ ಆಂಟೀರಿಯರ್, ಲೋ ಲೈಯಿಂಗ್, ಕೆಳ ಅಂಚು ಇಂಟರ್ನಲ್ ಆಸ್‌ನಿಂದ 12 ಮಿ.ಮೀ. ದೂರ. ಡಾಕ್ಟರ ಚೀಟಿಯಲ್ಲಿ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಕೊನೆಗೆ "ಪೆಲ್ವಿಕ್ ರೆಸ್ಟ್".

"ಡಾಕ್ಟ್ರು ಬಾಯಲ್ಲಿ ಏನು ಹೇಳಿದ್ರಮ್ಮ?"

"ಮಾಸು ಕೆಳಗಿದೆ, ಹುಷಾರಾಗಿರಿ, ಗಂಡನ ಹತ್ತಿರ ಸೇರಬೇಡಿ ಅಂದ್ರು ಆಂಟಿ. ಹೊರಗೆ ಜನ ಕಾಯ್ತಿದ್ದರು. ಎಷ್ಟು ದಿನ ಅಂತ ಕೇಳೋಕೆ ನಾಚಿಕೆ ಆಯ್ತು. ಇವರಂತೂ ನನ್ನ ಪಕ್ಕದಲ್ಲಿ ಮಲಗೋಕೂ ಹೆದರ್ತಾರೆ. ನಾಲ್ಕನೇ ತಿಂಗಳಲ್ಲಿ ನಾವು ಸೇರಿದ್ವಿ. ಅದರಿಂದಲೇ ಮಾಸು ಕೆಳಗೆ ಜಾರಿತು ಅಂದ್ಕೊಂಡಿದ್ದಾರೆ."

ಹಾಲ್‌ನಲ್ಲಿ ಚಾಪೆ ಹಾಸಿದ್ದರ ಹಿಂದೆ ಇದ್ದದ್ದು ಇಷ್ಟೇ. ಒಂದು ಸಣ್ಣ ಸೂಚನೆಯನ್ನು ಬಿಡಿಸಿ ಹೇಳದೆ ಕಳಿಸಿದರೆ ಮನೆಯಲ್ಲಿ ಅದು ಯಾವ ಯಾವ ರೂಪ ತಾಳುತ್ತದೆ ಅನ್ನುವುದನ್ನು ನಾನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಗಂಡ ತಾನೇ ಅಪರಾಧಿ ಅಂದುಕೊಳ್ಳುತ್ತಾನೆ. ಹೆಂಡತಿ ತನ್ನ ಮೇಲೆ ಅವನಿಗೆ ಮನಸ್ಸಿಲ್ಲವಾಯಿತು ಅಂದುಕೊಳ್ಳುತ್ತಾಳೆ. ಡಾಕ್ಟರು ಎರಡು ನಿಮಿಷ ಹೆಚ್ಚು ಕೊಟ್ಟಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಮೊದಲು ಅವಳ ಕೊನೆಯ ಮಾತಿಗೇ ಉತ್ತರ ಕೊಟ್ಟೆ. ಮಾಸು ಎಲ್ಲಿ ಇರಬೇಕು ಅನ್ನುವುದು ತೀರ್ಮಾನವಾಗುವುದು ಗರ್ಭ ಕಟ್ಟಿದ ಮೊದಲ ದಿನಗಳಲ್ಲಿ. ಫಲಿತವಾದ ಅಂಡ ಒಂದು ವಾರದ ಆಸುಪಾಸಿನಲ್ಲಿ ಗರ್ಭಕೋಶದ ಗೋಡೆಗೆ ಎಲ್ಲಿ ಅಂಟಿಕೊಳ್ಳುತ್ತದೋ ಅಲ್ಲೇ ಮಾಸು ಬೆಳೆಯುತ್ತದೆ. ಆ ಹೊತ್ತಿಗೆ ತಾನು ಬಸುರಿ ಅಂತ ಅವಳಿಗೇ ಗೊತ್ತಿರುವುದಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಅಂಟಿದರೆ ಮೇಲೆ, ಕೆಳಭಾಗದಲ್ಲಿ ಅಂಟಿದರೆ ಕೆಳಗೆ. ಹಿಂದೆ ಸಿಸೇರಿಯನ್ ಆದವರಲ್ಲಿ, ಅವಳಿ ಬಸಿರಿನಲ್ಲಿ, ವಯಸ್ಸಾದ ಮೇಲೆ ಬಸುರಾದವರಲ್ಲಿ ಕೆಳಗೆ ಅಂಟುವುದು ಸ್ವಲ್ಪ ಹೆಚ್ಚು. ಗಂಡ ಹೆಂಡತಿ ಸೇರಿದ್ದರಿಂದ ಮಾಸು ಜಾರುವುದಿಲ್ಲ. ಮೆಟ್ಟಿಲು ಹತ್ತಿದ್ದರಿಂದಲೂ ಇಲ್ಲ, ಬಸ್ಸಿನಲ್ಲಿ ಹೋದದ್ದರಿಂದಲೂ ಇಲ್ಲ.

"ಇದನ್ನ ಅವನಿಗೆ ಇವತ್ತೇ ಹೇಳು" ಅಂದೆ. ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಿ, "ನಾನೂ ಅದನ್ನೇ ಅಂದ್ಕೊಂಡಿದ್ದೆ ನೋಡಿ, ಈ ಹುಡುಗರಿಗೆ ತಡೆಯೋಕಾಗಲಿಲ್ವಾ ಅಂತ" ಅಂದರು. ಸೊಸೆ ತಲೆ ತಗ್ಗಿಸಲಿಲ್ಲ. "ಅತ್ತೆ, ಹಾಗಾದ್ರೆ ಬೇರೆ ಬಸುರಿಯರೆಲ್ಲ ಒಂಬತ್ತು ತಿಂಗಳೂ ಬೇರೆ ಬೇರೆ ಮಲಗ್ತಾರಾ?" ಅಂತ ಕೇಳಿದಳು.

ಮಲಗಬೇಕಾಗಿಲ್ಲ. ತೊಂದರೆಯಿಲ್ಲದ ಬಸಿರಿನಲ್ಲಿ ಮೊದಲ ತಿಂಗಳಿನಿಂದ ಹೆರಿಗೆ ನೋವು ಶುರುವಾಗುವವರೆಗೂ ದೇಹಸಂಬಂಧದಿಂದ ಅಪಾಯವಿಲ್ಲ. ಮೊದಲ ಮೂರು ತಿಂಗಳು ಬೇಡ, ಕೊನೆಯ ಎರಡು ತಿಂಗಳು ಬೇಡ ಅಂತ ನಮ್ಮ ಕಡೆ ಎಲ್ಲರಿಗೂ ಒಂದೇ ಸಮ ಹೇಳುವ ರೂಢಿ ಇದೆ, ಕೆಲವು ಡಾಕ್ಟರುಗಳೂ ಹಾಗೇ ಹೇಳಿಬಿಡುತ್ತಾರೆ. ಆರೋಗ್ಯವಾಗಿರುವ ಬಸುರಿಗೆ ಈ ಲೆಕ್ಕ ಯಾಕೆ ಅನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಗಟ್ಟಿ ಆಧಾರವಿಲ್ಲ. ಮೊದಲ ಮೂರು ತಿಂಗಳಲ್ಲಿ ಗರ್ಭಪಾತ ಹೆಚ್ಚು ಅನ್ನುವುದು ನಿಜ. ಆದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆಗುವುದು ಭ್ರೂಣದ ಕ್ರೋಮೋಸೋಮಿನಲ್ಲೇ ಇರುವ ದೋಷದಿಂದ. ಹಿಂದಿನ ರಾತ್ರಿ ಸೇರಿದ್ದು, ಮರುದಿನ ರಕ್ತ ಕಂಡದ್ದು, ಎರಡನ್ನೂ ಗಂಟು ಹಾಕಿಕೊಂಡು ವರ್ಷಗಟ್ಟಲೆ ಕೊರಗಿದ ಹೆಂಗಸರನ್ನು ನಾನು ಬಲ್ಲೆ. ಆ ಗರ್ಭ ನಿಲ್ಲುವುದಿಲ್ಲ ಅನ್ನುವುದು ಅದಕ್ಕೆ ಎಷ್ಟೋ ದಿನ ಮೊದಲೇ ತೀರ್ಮಾನವಾಗಿರುತ್ತದೆ.

"ಮಗೂಗೆ ತಾಗಲ್ವಾ?" ಇದನ್ನು ಕೇಳಿದ್ದು ಸೊಸೆಯಲ್ಲ, ಅಕ್ಕ. ಮೂರು ಮಕ್ಕಳನ್ನು ಹೆತ್ತವರು. ಇಷ್ಟು ವರ್ಷ ಯಾರನ್ನೂ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಅದು ಅಂತ ಅವರ ಮುಖವೇ ಹೇಳುತ್ತಿತ್ತು.

ತಾಗುವುದಿಲ್ಲ. ಯೋನಿ ಬೇರೆ, ಮಗುವಿರುವ ಗರ್ಭಕೋಶ ಬೇರೆ. ಎರಡರ ನಡುವೆ ಗರ್ಭಕೋಶದ ಬಾಯಿ ಇದೆ. ಸಾಮಾನ್ಯವಾಗಿ ಮೂರು ಸೆಂಟಿಮೀಟರಿಗೂ ಹೆಚ್ಚು ಉದ್ದದ, ಬಿಗಿಯಾಗಿ ಮುಚ್ಚಿಕೊಂಡಿರುವ ಮಾಂಸದ ನಾಳ ಅದು. ಬಸಿರಿನಲ್ಲಿ ಅದರೊಳಗೆ ಗಟ್ಟಿ ಲೋಳೆ ತುಂಬಿಕೊಂಡು ಸೋಂಕು ಮೇಲೆ ಹೋಗದಂತೆ ತಡೆಯುತ್ತದೆ. ಅದರಾಚೆ ಗರ್ಭಕೋಶದ ದಪ್ಪ ಗೋಡೆ, ನೀರಿನ ಚೀಲ, ಆ ನೀರಿನಲ್ಲಿ ಮಗು. ಗಂಡಸಿನ ಅಂಗ ಯೋನಿಯಿಂದ ಮುಂದೆ ಹೋಗುವುದಿಲ್ಲ, ವೀರ್ಯವೂ ಮಗುವನ್ನು ಮುಟ್ಟುವುದಿಲ್ಲ. ಸೇರಿದ ಮೇಲೆ ಮಗು ಒಂದಷ್ಟು ಹೊತ್ತು ಜೋರಾಗಿ ಒದೆಯಬಹುದು, ಇಲ್ಲವೇ ಸುಮ್ಮನಾಗಬಹುದು. ತಾಯಿಯ ಎದೆಬಡಿತ ಏರಿದ್ದಕ್ಕೆ, ಗರ್ಭಕೋಶ ಬಿಗಿಯಾಗಿದ್ದಕ್ಕೆ ಅದರ ಪ್ರತಿಕ್ರಿಯೆ ಅದು. ಏನು ನಡೆಯುತ್ತಿದೆ ಅಂತ ಅದಕ್ಕೆ ತಿಳಿಯುವುದಿಲ್ಲ.

ಹೊಟ್ಟೆ ಬಿಗಿಯಾಗುವ ಮಾತು ಬಂದಾಗ ಹುಡುಗಿ, "ಹೌದು ಆಂಟಿ, ಆವಾಗ ಹೊಟ್ಟೆ ಕಲ್ಲಿನ ಹಾಗಾಯ್ತು, ನಾನು ಗಾಬರಿಯಾದೆ" ಅಂದಳು. ಸುಖದ ತುದಿಯಲ್ಲಿ ಗರ್ಭಕೋಶದ ಸ್ನಾಯು ಸಂಕುಚಿಸುವುದು ಸಹಜ. ಎಡ ಮಗ್ಗುಲಾಗಿ ಮಲಗಿ ಒಂದು ಲೋಟ ನೀರು ಕುಡಿದರೆ ಸ್ವಲ್ಪ ಹೊತ್ತಿಗೆ ಸಡಿಲವಾಗುತ್ತದೆ. ಸಡಿಲವಾಗದೆ, ಹೊತ್ತಿಗೆ ಸರಿಯಾಗಿ ಮತ್ತೆ ಮತ್ತೆ ಬಿಗಿದು ಸೊಂಟದಿಂದ ನೋವು ಎಳೆಯತೊಡಗಿದರೆ, ಅದೂ ತಿಂಗಳು ತುಂಬುವ ಮೊದಲೇ ಆದರೆ, ಆಸ್ಪತ್ರೆಗೆ ಹೋಗಬೇಕು.

ಸರಿ, ಹಾಗಿದ್ದರೆ ಈ ಹುಡುಗಿಗೆ ಮಾತ್ರ ಯಾಕೆ ಬೇಡ ಅಂದರು?

ಮಾಸು ಅಂದರೆ ರಕ್ತನಾಳಗಳ ಗೊಂಚಲು. ದಿನ ತುಂಬುವ ಹೊತ್ತಿಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ, ಅದರಲ್ಲಿ ಬಹುಪಾಲು ಮಾಸಿನ ಕಡೆಗೇ. ಮಾಸು ಮೇಲಿದ್ದರೆ ಈ ರಕ್ತವೆಲ್ಲ ಗರ್ಭಕೋಶದ ಬಾಯಿಯಿಂದ ದೂರ, ಗಟ್ಟಿ ಗೋಡೆಯ ಆಸರೆಯಲ್ಲಿ ಇರುತ್ತದೆ. ಮಾಸು ಬಾಯಿಯ ಮೇಲೆಯೇ ಹರಡಿದ್ದರೆ, ಇಲ್ಲವೇ ಅಂಚು ತೀರಾ ಹತ್ತಿರವಿದ್ದರೆ, ಬಾಯಿಗೆ ಬೀಳುವ ಒತ್ತಡದಿಂದ, ಗರ್ಭಕೋಶದ ಬಿಗಿತದಿಂದ ಅಂಚು ಸ್ವಲ್ಪ ಬಿಟ್ಟುಕೊಂಡು ರಕ್ತ ಹೋಗಬಹುದು ಅನ್ನುವ ಆತಂಕ ಡಾಕ್ಟರಿಗೆ. ಗರ್ಭಕೋಶದ ಒಳಬಾಯಿಯಿಂದ ಮಾಸಿನ ಅಂಚು 20 ಮಿ.ಮೀ.ಗಿಂತ ಕಡಿಮೆ ದೂರದಲ್ಲಿದ್ದರೆ ಕೆಳಗಿದೆ ಅನ್ನುತ್ತಾರೆ. ಇವಳದು 12. ಬಾಯಿಯನ್ನೇ ಮುಚ್ಚಿದ್ದರೆ ಅದಕ್ಕೆ ಪ್ಲಾಸೆಂಟಾ ಪ್ರೀವಿಯಾ ಅನ್ನುತ್ತಾರೆ, ಅದು ಇನ್ನೂ ಹೆಚ್ಚು ಎಚ್ಚರ ಬೇಡುವ ಸ್ಥಿತಿ.

ಇಲ್ಲಿ ನಾನು ಅವಳಿಗೆ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದೆ. ರಕ್ತ ಹೋಗದೆ, ಬರೀ ಸ್ಕ್ಯಾನಿನಲ್ಲಿ ಮಾಸು ಕೆಳಗೆ ಕಂಡವರು ಸೇರಿದರೆ ಇಷ್ಟು ಜನರಿಗೆ ತೊಂದರೆಯಾಯಿತು ಅಂತ ತೋರಿಸುವ ದೊಡ್ಡ ಅಧ್ಯಯನಗಳ ಬಲ ಈ ಸಲಹೆಗೆ ಇಲ್ಲ. ಐದನೇ ತಿಂಗಳಲ್ಲೇ ಬೇಡ ಅನ್ನುವ ಡಾಕ್ಟರೂ ಇದ್ದಾರೆ, ರಕ್ತ ಹೋಗದಿದ್ದರೆ ಏಳನೇ ತಿಂಗಳವರೆಗೆ ಅಡ್ಡಿಯಿಲ್ಲ ಅನ್ನುವವರೂ ಇದ್ದಾರೆ. ಆದರೂ ನಾನಾಗಿದ್ದರೆ ಡಾಕ್ಟರ ಮಾತು ಕೇಳುತ್ತಿದ್ದೆ. ಕಳೆದುಕೊಳ್ಳುವುದು ಕೆಲವು ವಾರದ ಸುಖ. ರಕ್ತ ಹೋಗಲು ಶುರುವಾದರೆ ಅದು ಎಲ್ಲಿಗೆ ಮುಟ್ಟುತ್ತದೆ ಅಂತ ಮೊದಲೇ ಹೇಳುವುದಕ್ಕೆ ಯಾರಿಂದಲೂ ಆಗುವುದಿಲ್ಲ.

"ಹಾಗಾದ್ರೆ ಹೆರಿಗೆವರೆಗೂ ಹೀಗೇನಾ?"

ಈ ಪ್ರಶ್ನೆಯನ್ನು ಅವಳು ಡಾಕ್ಟರಿಗೆ ಕೇಳಬೇಕಿತ್ತು. ಡಾಕ್ಟರೇ ಹೇಳಬೇಕಿತ್ತು ಅನ್ನುವುದು ಇನ್ನೂ ಸರಿ. ಇಪ್ಪತ್ತನೇ ವಾರದಲ್ಲಿ ಕೆಳಗೆ ಕಂಡ ಮಾಸು ಹೆರಿಗೆಯ ಹೊತ್ತಿಗೆ ಬಹುತೇಕ ಹೆಂಗಸರಲ್ಲಿ, ಹತ್ತರಲ್ಲಿ ಒಂಬತ್ತು ಜನರಲ್ಲಿ ಅನ್ನಬಹುದು, ಮೇಲೆ ಹೋಗಿರುತ್ತದೆ. ಮಾಸು ಬೇರು ಕಿತ್ತುಕೊಂಡು ನಡೆದುಹೋಗುವುದಿಲ್ಲ. ಅದು ಅಂಟಿಕೊಂಡಿರುವ ಗೋಡೆಯೇ ಬೆಳೆಯುತ್ತದೆ. ಊದದ ಬಲೂನಿನ ಬಾಯಿಯ ಹತ್ತಿರ ಒಂದು ಚುಕ್ಕೆ ಇಟ್ಟು ಆಮೇಲೆ ಊದಿದರೆ ಚುಕ್ಕೆ ಬಾಯಿಯಿಂದ ದೂರ ಹೋಗುತ್ತದಲ್ಲ, ಹಾಗೆ. ಗರ್ಭಕೋಶದ ಕೆಳಭಾಗ ಹಿಗ್ಗುವುದು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ಅದಕ್ಕೇ ಮತ್ತೆ ಸ್ಕ್ಯಾನ್ ಮಾಡುವುದು 32ನೇ ವಾರದಲ್ಲಿ. ಆಗಲೂ ಕೆಳಗಿದ್ದರೆ 36ರಲ್ಲಿ ಇನ್ನೊಮ್ಮೆ. ಹಿಂದೆ ಸಿಸೇರಿಯನ್ ಆಗಿದ್ದವರಲ್ಲಿ, ಮಾಸು ಹಿಂಗೋಡೆಗೆ ಅಂಟಿದವರಲ್ಲಿ ಮೇಲೆ ಹೋಗುವ ಸಾಧ್ಯತೆ ಸ್ವಲ್ಪ ಕಡಿಮೆ. ಇವಳಿಗೆ ಚೊಚ್ಚಲು, ಮಾಸು ಮುಂಗೋಡೆಯಲ್ಲಿದೆ. ಒಳ್ಳೆಯದನ್ನೇ ನಿರೀಕ್ಷಿಸಬಹುದಿತ್ತು.

ಚೀಟಿಯಲ್ಲಿದ್ದ "ಪೆಲ್ವಿಕ್ ರೆಸ್ಟ್" ಅನ್ನುವುದಕ್ಕೆ ಅರ್ಥ ಏನು ಅಂತ ಕೇಳಿದಳು. ಯೋನಿಯೊಳಗೆ ಏನೂ ಹೋಗಬಾರದು: ಸಂಭೋಗ ಬೇಡ, ಬೆರಳು ಬೇಡ, ಒಳಗೆ ನೀರು ಹಾಯಿಸಿ ತೊಳೆಯುವುದು ಬೇಡ. ಸುಖದ ತುದಿ ಮುಟ್ಟುವುದೂ ಬೇಡವೇ ಅನ್ನುವುದರಲ್ಲಿ ಡಾಕ್ಟರುಗಳಲ್ಲಿ ಒಂದೇ ಮಾತಿಲ್ಲ. ರಕ್ತ ಹೋದವರಿಗೆ, ಅವಧಿಗೆ ಮೊದಲೇ ನೋವು ಬಂದವರಿಗೆ ಅದನ್ನೂ ಬೇಡ ಅನ್ನುತ್ತಾರೆ. ಆದ್ದರಿಂದ ಮುಂದಿನ ಸಲ ಹೋದಾಗ ಯಾವುದೆಲ್ಲ ಬೇಡ, ಎಲ್ಲಿಯವರೆಗೆ ಬೇಡ, ಯಾಕೆ ಬೇಡ ಅಂತ ಬಾಯಿ ಬಿಟ್ಟು ಕೇಳು, ಗಂಡನನ್ನೂ ಒಳಗೆ ಕರೆದುಕೊಂಡು ಹೋಗು ಅಂದೆ. ಮುಟ್ಟುವುದು, ತಬ್ಬಿ ಮಲಗುವುದು, ಮುತ್ತು, ಕಾಲು ಒತ್ತುವುದು, ಇವಕ್ಕೆ ಯಾವ ಮಾಸೂ ಅಡ್ಡಿಯಲ್ಲ. ಅವನು ಒಳಗೆ ಬಂದು ಮಲಗಲಿ.

ಅಕ್ಕ ನಡುವೆ ಬಾಯಿ ಹಾಕಿದರು. "ನನ್ನ ತಂಗಿ ಮಗಳಿಗೂ ಬೇಡ ಅಂದಿದ್ದಾರೆ ಸಿಸ್ಟರೇ. ಅವಳಿಗೆ ಮಾಸು ಮೇಲೇ ಇದೆಯಂತೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದಾರೆ."

ಅದು ಬೇರೆ ಕಾರಣ. ಕೆಲವರಿಗೆ ಗರ್ಭಕೋಶದ ಬಾಯಿ ನೋವೇ ಇಲ್ಲದೆ ಐದಾರು ತಿಂಗಳಿಗೇ ಮೆತ್ತಗಾಗಿ ತೆರೆದುಕೊಳ್ಳುತ್ತದೆ. ಹಿಂದೆ ಹಾಗೆ ಬಸಿರು ಕಳೆದುಕೊಂಡವರಿಗೆ ಮೂರನೇ ತಿಂಗಳ ಕೊನೆಯ ಹೊತ್ತಿಗೆ ಹೊಲಿಗೆ ಹಾಕಿ, 36-37ನೇ ವಾರದಲ್ಲಿ ಬಿಚ್ಚುತ್ತಾರೆ. ಅಲ್ಲಿ ಹೆದರಿಕೆ ರಕ್ತದ್ದಲ್ಲ, ಬಾಯಿ ತೆರೆದು ಮಗು ಅವಧಿಗೆ ಮೊದಲೇ ಹುಟ್ಟೀತು ಅನ್ನುವುದು. ಈ ಬಸಿರಿನಲ್ಲೇ ಒಮ್ಮೆ ಅವಧಿಗೆ ಮೊದಲೇ ನೋವು ಬಂದು ನಿಂತವರಿಗೂ ಅದೇ ಕಾರಣಕ್ಕೆ ಬೇಡ ಅನ್ನುತ್ತಾರೆ. ಅವಳಿ ಮಕ್ಕಳಿದ್ದ ಮಾತ್ರಕ್ಕೆ ನಿಲ್ಲಿಸಬೇಕು ಅಂತೇನೂ ಇಲ್ಲ. ಅವರ ಗರ್ಭಕೋಶದ ಬಾಯಿ ಹೇಗಿದೆ ಅಂತ ನೋಡಿ ಡಾಕ್ಟರು ಹೇಳಬೇಕು.

ಯಾವ ಡಾಕ್ಟರೂ ಎರಡು ಮಾತಾಡದೆ ಬೇಡ ಅನ್ನುವುದು ನೀರಿನ ಚೀಲ ಒಡೆದಾಗ. ಚೀಲ ಒಡೆದ ಮೇಲೆ ಮಗುವಿಗೂ ಹೊರಗಿನ ಸೋಂಕಿಗೂ ನಡುವೆ ತಡೆಯಿಲ್ಲ. ಒಡೆಯುವುದು ಅಂದರೆ ಯಾವಾಗಲೂ ಬಕೆಟ್ ಸುರಿದ ಹಾಗೆ ನೀರು ಹೋಗುತ್ತದೆ ಅಂದುಕೊಳ್ಳಬಾರದು. ಒಮ್ಮೊಮ್ಮೆ ತೊಟ್ಟಿಕ್ಕುತ್ತದೆ, ಮೂತ್ರ ಜಿನುಗಿತು ಅಂತ ಸುಮ್ಮನಿದ್ದುಬಿಡುತ್ತಾರೆ. ಒಂದು ಒಣ ಪ್ಯಾಡ್ ಇಟ್ಟುಕೊಂಡು ಅರ್ಧ ಗಂಟೆ ಮಲಗಿ, ಎದ್ದು ನಿಂತು ಕೆಮ್ಮಿ ನೋಡಬೇಕು. ಮೂತ್ರದ ವಾಸನೆಯಿಲ್ಲದ ತೆಳು ನೀರಿನಿಂದ ಪ್ಯಾಡ್ ಒದ್ದೆಯಾಗಿದ್ದರೆ ಆ ಪ್ಯಾಡನ್ನು ಹಾಗೇ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಬೇಕು. ಅನುಮಾನವಿದ್ದರೂ ಹೋಗಬೇಕು.

ಸೋಂಕಿನ ಮಾತಿನಲ್ಲಿ ಇದನ್ನೂ ಹೇಳಿಬಿಡುತ್ತೇನೆ. ಬಸುರಿಗೆ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆ ಮಾಡುತ್ತಾರೆ. ಗಂಡನಿಗೆ ಮಾಡಿಸುವವರು ಕಡಿಮೆ. ಸಿಫಿಲಿಸ್ ತಾಯಿಯಿಂದ ಮಗುವಿಗೆ ದಾಟಿದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಗಂಡನಿಗೆ ಜನನಾಂಗದ ಮೇಲೆ ಹುಣ್ಣು, ಗುಳ್ಳೆ, ಕೀವು ಕಂಡರೆ ಇಬ್ಬರೂ ತೋರಿಸಿ ಔಷಧಿ ಮುಗಿಯುವವರೆಗೆ ದೂರವಿರಬೇಕು. ಸಣ್ಣ ಅನುಮಾನವಿದ್ದರೂ ಕಾಂಡೋಮ್ ಬೇಕು. ಬಸುರಾದ ಮೇಲೆ ಕಾಂಡೋಮ್ ಯಾಕೆ ಅನ್ನುವ ಪ್ರಶ್ನೆಗೆ ಇದೇ ಉತ್ತರ.

ಹೊರಡುವಾಗ ಅವಳಿಗೆ ಎರಡು ಸಲ ಹೇಳಿದ್ದು ರಕ್ತದ ವಿಷಯ. ಮಾಸು ಮೇಲಿದ್ದು, ಎಲ್ಲ ಸರಿಯಿರುವ ಬಸುರಿಗೂ ಸೇರಿದ ಮೇಲೆ ಒಳಚಡ್ಡಿಯಲ್ಲಿ ಒಂದೆರಡು ಕಲೆ ಕಾಣಬಹುದು. ಬಸಿರಿನಲ್ಲಿ ಗರ್ಭಕೋಶದ ಬಾಯಿಗೆ ರಕ್ತ ಹೆಚ್ಚು ಹರಿದು ಅದರ ಹೊರಪದರ ಮೆತ್ತಗಾಗಿರುತ್ತದೆ, ತಾಗಿದರೆ ಜಿನುಗುತ್ತದೆ. ಹೆಚ್ಚಾಗಿ ತಾನೇ ನಿಲ್ಲುತ್ತದೆ. ಆದರೂ ಡಾಕ್ಟರಿಗೆ ತಿಳಿಸಿ, ಅವರು ನೋಡಿ ಹೇಳುವವರೆಗೆ ಮತ್ತೆ ಸೇರಬಾರದು. ರಕ್ತದ ಗುಂಪು ನೆಗೆಟಿವ್ ಆಗಿರುವವರು ಇನ್ನೂ ಬೇಗ ಹೋಗಬೇಕು, ಆಂಟಿ-ಡಿ ಇಂಜೆಕ್ಷನ್ ಬೇಕಾಗಿದ್ದರೆ ಅದನ್ನು 72 ಗಂಟೆಯೊಳಗೆ ಕೊಡುತ್ತಾರೆ. ಇವಳದು ಬಿ ಪಾಸಿಟಿವ್, ಆ ಚಿಂತೆಯಿಲ್ಲ. ಆದರೆ ಮಾಸು ಕೆಳಗಿರುವವಳಿಗೆ ಕಲೆ, ಹನಿ ಅನ್ನುವ ಲೆಕ್ಕವೇ ಬೇಡ. ಅಲ್ಲಿ ಹೋಗುವ ರಕ್ತ ಕೆಂಪಗೆ, ತಾಜಾ ಇರುತ್ತದೆ, ಹೆಚ್ಚಾಗಿ ನೋವೇ ಇರುವುದಿಲ್ಲ. ನೋವಿಲ್ಲ ಅಂತಲೇ ಜನ ಬೆಳಗಾಗಲಿ ಅಂತ ಕಾಯುತ್ತಾರೆ. ಕಾಯಬಾರದು. ರಕ್ತ ಕೊಡುವ ಅನುಕೂಲ, ಆಪರೇಷನ್ ಅನುಕೂಲ ಎರಡೂ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಹೋದ ತಕ್ಷಣ "ಮಾಸು ಕೆಳಗಿದೆ" ಅಂತ ಮೊದಲ ಮಾತಾಗಿ ಹೇಳಬೇಕು. ಆಗ ಅವರು ಬೆರಳು ಹಾಕಿ ಪರೀಕ್ಷೆ ಮಾಡುವುದಿಲ್ಲ, ಮೊದಲು ಸ್ಕ್ಯಾನ್ ಮಾಡುತ್ತಾರೆ.

ಆ ರಾತ್ರಿಯಿಂದ ಚಾಪೆ ಹಾಲ್‌ಗೆ ಬರಲಿಲ್ಲ ಅಂತ ಅಕ್ಕ ಮೂರು ದಿನ ಬಿಟ್ಟು ಹೇಳಿದರು.

ಏಳರಲ್ಲಿ ಸೀಮಂತ ಆಯಿತು. ತವರಿನವರು ಆಗಲೇ ಕರೆದುಕೊಂಡು ಹೋಗುತ್ತೇವೆ ಅಂದರೂ, ಸ್ಕ್ಯಾನಿಂಗ್ ಆಗಲಿ ಅಂತ ಇವರು ಕಳಿಸಲಿಲ್ಲ. 32ನೇ ವಾರದ ಸ್ಕ್ಯಾನಿನ ಹಿಂದಿನ ಸಂಜೆ ಹುಡುಗಿ ಬೇಲಿಯ ಹತ್ತಿರ ಬಂದು ಹೊಸ ಭಯ ತೆಗೆದಳು. "ಈ ಸಲ ಒಳಗಿನಿಂದ ಸ್ಕ್ಯಾನ್ ಮಾಡ್ತಾರಂತೆ. ಒಳಗೆ ಏನೂ ಹೋಗಬಾರದು ಅಂತ ಅವರೇ ಹೇಳಿ, ಅವರೇ ಪ್ರೋಬ್ ಹಾಕ್ತಾರಲ್ಲ ಆಂಟಿ?"

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಆ ಪ್ರೋಬ್ ಗರ್ಭಕೋಶದ ಬಾಯಿಯನ್ನು ಒತ್ತುವವರೆಗೆ ಹೋಗುವುದಿಲ್ಲ. ಪರದೆ ನೋಡುತ್ತಾ ನಿಧಾನವಾಗಿ ಸರಿಸಿ, ಬಾಯಿಗಿಂತ ಎರಡು ಮೂರು ಸೆಂಟಿಮೀಟರ್ ಹಿಂದೆಯೇ ನಿಲ್ಲಿಸುತ್ತಾರೆ, ಅಲ್ಲಿಂದಲೇ ಚಿತ್ರ ಚೆನ್ನಾಗಿ ಕಾಣುತ್ತದೆ. ಯೋನಿ ಹೋಗುವ ದಿಕ್ಕು, ಗರ್ಭಕೋಶದ ಬಾಯಿ ನೋಡುವ ದಿಕ್ಕು ಬೇರೆಯಾದ್ದರಿಂದ ಪ್ರೋಬ್ ಬಾಯಿಯೊಳಗೆ ನುಗ್ಗುವುದೂ ಇಲ್ಲ. ಹೊಟ್ಟೆಯ ಮೇಲಿನಿಂದ ನೋಡಿದರೆ ಕೆಲವೊಮ್ಮೆ ಮಗುವಿನ ತಲೆಯ ನೆರಳು ಬಿದ್ದು, ತುಂಬಿದ ಮೂತ್ರಕೋಶ ಒತ್ತಿ, ಮಾಸು ಇರುವುದಕ್ಕಿಂತ ಕೆಳಗೆ ಕಂಡುಬಿಡುತ್ತದೆ. ಒಳಗಿನಿಂದ ಮಾಡಿದ ಅಳತೆಯೇ ನಂಬಿಕೆಯದು.

ಅಳತೆ 31 ಮಿ.ಮೀ. ಬಂತು. ಈ ಸಲ ಇಬ್ಬರೂ ಒಳಗೆ ಹೋಗಿದ್ದರು. ಅವನೇ ಕೇಳಿದನಂತೆ. ಇನ್ನು ನಿರ್ಬಂಧವಿಲ್ಲ, ರಕ್ತ ಹೋದರೆ ಮಾತ್ರ ಬನ್ನಿ, ಸಹಜ ಹೆರಿಗೆಗೂ ಮಾಸು ಅಡ್ಡಿಯಿಲ್ಲ ಅಂದರಂತೆ ಡಾಕ್ಟರು.

ಆಮೇಲೆ ಅವಳು ನನ್ನ ಹತ್ತಿರ ಹೇಳಿದ್ದು ಬೇರೆ. "ಈಗ ಅಡ್ಡಿಯಿಲ್ಲ ಅಂದ್ರೂ ನನಗೇ ಮನಸ್ಸಿಲ್ಲ ಆಂಟಿ. ಬೆನ್ನು ನೋವು, ಎದೆ ಉರಿ, ರಾತ್ರಿ ನಾಲ್ಕು ಸಲ ಬಾತ್ರೂಮಿಗೆ ಏಳಬೇಕು. ಅವರಿಗೆ ಬೇಜಾರಾಗುತ್ತೇನೋ."

ಮೊದಲ ತಿಂಗಳುಗಳಲ್ಲಿ ವಾಂತಿ, ಸುಸ್ತು, ಎದೆ ಮುಟ್ಟಿದರೆ ನೋವು, ಹಾಗಾಗಿ ಬೇಡ ಅನ್ನಿಸುತ್ತದೆ. ನಡುವಿನ ತಿಂಗಳಲ್ಲಿ ಹಲವರಿಗೆ ಆಸೆ ತಿರುಗಿ ಬರುತ್ತದೆ, ಕೆಲವರಿಗೆ ಮೊದಲಿಗಿಂತ ಹೆಚ್ಚೇ ಆಗುತ್ತದೆ. ಕೊನೆಯ ತಿಂಗಳುಗಳಲ್ಲಿ ಮೈ ಭಾರವಾಗಿ ಮತ್ತೆ ಇಳಿಯುತ್ತದೆ. ಒಂಬತ್ತೂ ತಿಂಗಳು ಬೇಕೇ ಬೇಡ ಅನ್ನಿಸುವವರೂ ಇದ್ದಾರೆ. ಇವೆಲ್ಲ ಸಹಜ. ಡಾಕ್ಟರು ಅಡ್ಡಿಯಿಲ್ಲ ಅಂದರೆ ಸೇರಲೇಬೇಕು ಅಂತಲ್ಲ, ಬೇಡ ಅನ್ನಿಸಿದರೆ ಬೇಡ ಅನ್ನಬೇಕು, ಗಂಡ ಅದನ್ನು ಒಪ್ಪಬೇಕು. ಬೇಕು ಅನ್ನಿಸಿದರೆ ಹೊಟ್ಟೆಯ ಮೇಲೆ ಭಾರ ಬೀಳದ ಹಾಗೆ ನೋಡಿಕೊಂಡರಾಯಿತು. ಇಬ್ಬರೂ ಮಗ್ಗುಲಾಗಿ ಮಲಗಿ ಅವನು ಹಿಂದಿನಿಂದ, ಇಲ್ಲವೇ ಅವಳೇ ಮೇಲಿದ್ದು ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಿಕೊಳ್ಳುವ ಹಾಗೆ. ಐದು ತಿಂಗಳಾದ ಮೇಲೆ ಅಂಗಾತ ಬಹಳ ಹೊತ್ತು ಮಲಗಿದರೆ ತುಂಬಿದ ಗರ್ಭಕೋಶ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತು, ಬೆವರು ಬರುತ್ತದೆ. ತಕ್ಷಣ ಎಡಕ್ಕೆ ಹೊರಳಿದರೆ ಸರಿಹೋಗುತ್ತದೆ. ಬಾಯಿಂದ ಸುಖ ಕೊಡುವುದಕ್ಕೂ ಅಡ್ಡಿಯಿಲ್ಲ, ಆದರೆ ಯೋನಿಯೊಳಗೆ ಗಾಳಿ ಊದಬಾರದು. ತೀರಾ ಅಪರೂಪವಾದರೂ ಗಾಳಿ ರಕ್ತನಾಳ ಸೇರಿ ಪ್ರಾಣಕ್ಕೇ ಕುತ್ತು ಬರಬಹುದು.

ಅಕ್ಕನಿಗೆ ಈ ಹೊತ್ತಿಗೆ ಸಂಕೋಚ ಪೂರ್ತಿ ಹೋಗಿತ್ತು. "ಒಂಬತ್ತು ತುಂಬಿದ ಮೇಲೆ ಸೇರಿದರೆ ನೋವು ಬೇಗ ಬರುತ್ತೆ ಅಂತ ನಮ್ಮ ಅತ್ತಿಗೆ ಹೇಳ್ತಿದ್ದರು. ನಿಜವಾ?"

ಹಾಗೆ ನಂಬುವುದಕ್ಕೆ ಕಾರಣ ಇದೆ. ವೀರ್ಯದಲ್ಲಿ ಪ್ರೋಸ್ಟಾಗ್ಲಾಂಡಿನ್ ಅನ್ನುವ ವಸ್ತು ಇರುತ್ತದೆ. ನೋವು ಬರಿಸಲು ಆಸ್ಪತ್ರೆಯಲ್ಲಿ ಹಚ್ಚುವ ಜೆಲ್‌ನಲ್ಲಿರುವುದೂ ಅದೇ ಜಾತಿಯದು. ಆದರೆ ಆ ಜೆಲ್‌ನಲ್ಲಿರುವಷ್ಟು ಬಲ ವೀರ್ಯಕ್ಕಿಲ್ಲ. ಮಲೇಷ್ಯಾದ ಕೌಲಾಲಂಪುರದಲ್ಲಿ ದಿನ ಹತ್ತಿರ ಬಂದ ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೇರಿ ಅಂತ ಸಲಹೆ ಕೊಟ್ಟು ನೋಡಿದ್ದರು. ನೋವು ಬರಿಸಬೇಕಾಗಿ ಬಂದವರ ಪ್ರಮಾಣದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅದರಿಂದ ಇನ್ನೊಂದೂ ತಿಳಿಯುತ್ತದೆ: ದಿನ ತುಂಬಿದ, ತೊಂದರೆಯಿಲ್ಲದ ಬಸುರಿ ಸೇರಿದರೆ ಕೇಡೂ ಆಗುವುದಿಲ್ಲ. ಹೆರಿಗೆ ಬೇಗ ಆಗಲಿ ಅಂತ ಮನಸ್ಸಿಲ್ಲದ ಹುಡುಗಿಯನ್ನು ಯಾರೂ ಒತ್ತಾಯಿಸಬೇಕಾಗಿಲ್ಲ.

34ನೇ ವಾರದಲ್ಲಿ ಅವಳು ತಿಪಟೂರಿನ ಹತ್ತಿರದ ತವರಿಗೆ ಹೊರಟಳು. ಹೊರಡುವ ಮೊದಲು ಫೈಲ್ ತರಿಸಿ ನೋಡಿದೆ. ತಾಯಿ ಕಾರ್ಡಿನಲ್ಲಿ ಐದನೇ ತಿಂಗಳ "ಮಾಸು ಕೆಳಗಿದೆ" ಅನ್ನುವ ಬರಹ ಹಾಗೇ ಇತ್ತು, 32ನೇ ವಾರದ ಅಳತೆಯನ್ನು ಯಾರೂ ಬರೆದಿರಲಿಲ್ಲ. ಅಲ್ಲಿಯ ಡಾಕ್ಟರು ಹಳೆಯದನ್ನಷ್ಟೇ ಓದಿದರೆ ಮತ್ತೆ ಎಲ್ಲ ಮೊದಲಿನಿಂದ ಶುರು. ಹೊಸ ಸ್ಕ್ಯಾನಿನ ವರದಿಯನ್ನು ಕಾರ್ಡಿನ ಮೊದಲ ಪುಟಕ್ಕೆ ಪಿನ್ ಮಾಡಿಸಿ, ಅದರ ಇನ್ನೊಂದು ಪ್ರತಿಯನ್ನು ಗಂಡನ ಫೋನಿನಲ್ಲಿ ಫೋಟೋ ಹಿಡಿಸಿದೆ.

"ಭಾನುವಾರ ಭಾನುವಾರ ನಾನು ಅಲ್ಲಿಗೆ ಹೋಗಿ ಉಳ್ಕೋಬಹುದಲ್ವಾ ಆಂಟಿ?" ಅಂತ ಕೇಳಿದ ಅವನು.

"ಅವಳನ್ನ ಕೇಳಪ್ಪ, ನನ್ನನ್ನಲ್ಲ. ರಕ್ತ, ನೀರು, ನೋವು, ಈ ಮೂರರಲ್ಲಿ ಯಾವುದು ಕಂಡರೂ ಅವತ್ತು ಆಸ್ಪತ್ರೆಗೆ" ಅಂದೆ.